ಪಂಪಿನ ಲೆಕ್ಕದಲ್ಲಿ ಅಡಿ, ಮೀಟರ್ ಬೆರೆತಾಗ: ಸರಿಯಾಗಿ ಕಾಣುವ ತಪ್ಪು ಉತ್ತರವನ್ನು ಹಿಡಿಯುವುದು ಹೇಗೆ

ಶಿರಸಿ ಕಡೆ ಒಂದು ಅಡಿಕೆ ತೋಟ. ತೋಟದ ಬುಡದಲ್ಲಿ ತೆರೆದ ಬಾವಿ, ಮೇಲಿನ ಬೆಟ್ಟದಲ್ಲಿ ಟ್ಯಾಂಕ್. ಬಾವಿಯ ನೀರನ್ನು ಟ್ಯಾಂಕಿಗೆ ಏರಿಸಲು ಎಷ್ಟು ಎಚ್‌ಪಿ ಪಂಪ್ ಬೇಕು ಅಂತ ಒಂದು ಪೈಥಾನ್ ಪ್ರೋಗ್ರಾಂ ಲೆಕ್ಕ ಹಾಕುತ್ತದೆ. ಉತ್ತರ 5 ಎಚ್‌ಪಿ ಅಂತ ಬಂತು. ಅಕ್ಕಪಕ್ಕದ ತೋಟಗಳಲ್ಲಿ 5 ಎಚ್‌ಪಿ ಪಂಪುಗಳು ಇದ್ದೇ ಇವೆ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಆದರೆ ಆ ತೋಟಕ್ಕೆ ನಿಜವಾಗಿ ಬೇಕಾಗಿದ್ದು 3 ಎಚ್‌ಪಿ.

ಈ ಬಗೆಯ ದೋಷದಲ್ಲಿ ಪ್ರೋಗ್ರಾಂ ನಿಲ್ಲುವುದಿಲ್ಲ, ಎರರ್ ಕೊಡುವುದಿಲ್ಲ. ಕಂಪ್ಯೂಟರಿಗೆ 28 ಅಂದರೆ 28 ಅಷ್ಟೇ. ಅದು ಅಡಿಯೋ ಮೀಟರೋ ಅಂತ ಅದಕ್ಕೆ ಗೊತ್ತಿಲ್ಲ. ನಮ್ಮ ಕಡೆ ಈ ಬೆರಕೆ ಆಗುವುದು ತೀರಾ ಸಹಜ. ಬಾವಿಯ ಆಳ ಎಷ್ಟು ಅಂತ ಕೇಳಿದರೆ ಉತ್ತರ ಅಡಿಯಲ್ಲಿ ಬರುತ್ತದೆ. ಸರ್ವೆ ಮಾಡಿದವರು ಬೆಟ್ಟದ ಎತ್ತರವನ್ನು ಮೀಟರಿನಲ್ಲಿ ಬರೆದುಕೊಡುತ್ತಾರೆ. ಪೈಪನ್ನು ಇಪ್ಪತ್ತು ಅಡಿಯ ಲೆಂತ್ ಅಂತ ಎಣಿಸುತ್ತೇವೆ, ಅದರ ದಪ್ಪವನ್ನು ಇಂಚಿನಲ್ಲಿ ಹೇಳುತ್ತೇವೆ, ಪೈಪಿನ ಮೇಲೆ ಮಾತ್ರ ಮಿಲಿಮೀಟರ್ ಅಚ್ಚಾಗಿರುತ್ತದೆ. ಪಂಪಿನ ಪ್ಲೇಟಿನ ಮೇಲೆ ಹೆಡ್, ಅಂದರೆ ಘರ್ಷಣೆಯೂ ಸೇರಿ ಪಂಪು ನೀರನ್ನು ಎತ್ತಬೇಕಾದ ಒಟ್ಟು ಎತ್ತರ, ಮೀಟರಿನಲ್ಲಿ, ಶಕ್ತಿ ಎಚ್‌ಪಿಯಲ್ಲಿ.

ಕೆಳಗೆ ಈ ಒಂದೇ ತೋಟವನ್ನು ಇಟ್ಟುಕೊಂಡು ಲಕ್ಷಣದಿಂದ ಕಾರಣಕ್ಕೆ ಹೋಗುವ ದಾರಿ ಇದೆ. ಮೊದಲು ಖರ್ಚಿಲ್ಲದ ಪರೀಕ್ಷೆಗಳು, ಆಮೇಲೆ ಕೈ ಕೆಸರು ಮಾಡಿಕೊಳ್ಳುವಂಥವು.

ತೋಟದ ಅಳತೆ ಹೀಗಿದೆ. ಬಾವಿಯಲ್ಲಿ ನೀರು ಇರುವುದು ನೆಲದಿಂದ 28 ಅಡಿ ಕೆಳಗೆ. ಬಾವಿಯ ಕಟ್ಟೆಯಿಂದ ಟ್ಯಾಂಕಿನ ಬಾಯಿಗೆ ಎತ್ತರ 24 ಮೀಟರ್. ಪೈಪ್ 45 ಲೆಂತ್, ಅಂದರೆ 900 ಅಡಿ. ಪೈಪಿನ ಒಳ ವ್ಯಾಸ 58 ಮಿಲಿಮೀಟರ್. ಬೇಕಾದ ನೀರು ಸೆಕೆಂಡಿಗೆ 2.5 ಲೀಟರ್. ಬಾವಿಯೊಳಗೆ ಮುಳುಗಿರುವ ಓಪನ್‌ವೆಲ್ ಸಬ್‌ಮರ್ಸಿಬಲ್ ಪಂಪ್.

ಕೋಡ್ ಇದು:

```python
def nashta(L, Q, d, C=150):
    return 10.67 * L * Q**1.852 / (C**1.852 * d**4.87)

aala, ettara, L = 28, 24, 900
H = aala * 0.3048 + ettara + nashta(L, 0.0025, 0.058)
hp = 9810 * 0.0025 * H / 0.45 / 746
print(H, hp)
```

`nashta` ಅಂದರೆ ಪೈಪಿನೊಳಗೆ ನೀರು ಉಜ್ಜಿಕೊಂಡು ಹೋಗುವಾಗ ಆಗುವ ಘರ್ಷಣೆ ನಷ್ಟ. ಸೂತ್ರ ಹೇಜನ್–ವಿಲಿಯಮ್ಸ್ ಅವರದ್ದು, ನೀರಾವರಿ ಕೆಲಸದಲ್ಲಿ ಎಲ್ಲರೂ ಬಳಸುವಂಥದ್ದು. `C` ಅನ್ನುವುದು ಪೈಪಿನ ಒಳಮೈ ಎಷ್ಟು ನುಣುಪು ಅಂತ ಹೇಳುವ ಸಂಖ್ಯೆ. 9810 ಒಂದು ಘನ ಮೀಟರ್ ನೀರಿನ ತೂಕ ನ್ಯೂಟನ್ನಿನಲ್ಲಿ, 746 ಒಂದು ಎಚ್‌ಪಿಗೆ ಎಷ್ಟು ವ್ಯಾಟ್ ಅಂತ. 0.45 ಅನ್ನುವುದು ಪಂಪು ಮತ್ತು ಮೋಟರಿನ ಒಟ್ಟು ದಕ್ಷತೆ. ಓಡಿಸಿದರೆ ಹೆಡ್ 46.8, ಎಚ್‌ಪಿ 3.4 ಅಂತ ಬರುತ್ತದೆ. ಅಂಗಡಿಯಲ್ಲಿ 3 ಎಚ್‌ಪಿ ಆದ ಮೇಲೆ ಸಿಗುವುದು 5 ಎಚ್‌ಪಿ. ಹಾಗಾಗಿ 5 ಎಚ್‌ಪಿ ಅಂತ ತೀರ್ಮಾನ ಆಯಿತು.

ಲಕ್ಷಣ: ಉತ್ತರ ನೋಡಲು ಸರಿಯಾಗಿದೆ, ಆದರೆ ಪಂಪ್ ಕೂರಿಸಿ ಅನುಭವ ಇದ್ದವರು ಒಪ್ಪುತ್ತಿಲ್ಲ

"ಇಷ್ಟು ಎತ್ತರಕ್ಕೆ ಐದು ಎಚ್‌ಪಿ ಎಂತಕ್ಕೆ ಮಾರಾಯ್ರೇ, ಮೂರು ಸಾಕಲ್ದ?" ಅಂತ ಪಂಪ್ ಕೂರಿಸುವವರು ಕೇಳಿದರೆ ಆ ಮಾತನ್ನು ತಳ್ಳಿಹಾಕಬೇಡಿ. ಅವರ ಬಳಿ ಸೂತ್ರ ಇರಲಿಕ್ಕಿಲ್ಲ. ಆದರೆ ಹತ್ತಾರು ತೋಟದ ಲೆಕ್ಕ ತಲೆಯಲ್ಲಿ ಇರುತ್ತದೆ.

ಇಲ್ಲಿ ಮೊದಲ ಪರೀಕ್ಷೆ ಅತೀ ಸುಲಭದ್ದು. ಒಟ್ಟು ಮೊತ್ತವನ್ನು ನೋಡಬೇಡಿ. ಅದರೊಳಗಿನ ಪ್ರತಿ ಭಾಗವನ್ನೂ ಬೇರೆ ಬೇರೆಯಾಗಿ ಪ್ರಿಂಟ್ ಮಾಡಿ.

```python
print(aala*0.3048, ettara, nashta(L, 0.0025, 0.058))
```

ಬಂದ ಉತ್ತರ: 8.5, 24, 14.3. ಮೊದಲ ಎರಡು ಸರಿ. ಮೂರನೆಯದ್ದನ್ನು ನೋಡಿ. 24 ಮೀಟರ್ ಏರುವ ದಾರಿಯಲ್ಲಿ 14 ಮೀಟರ್ ಬರೀ ಉಜ್ಜುವುದಕ್ಕೇ ಹೋಗುತ್ತದೆ ಅಂದರೆ ಒಂದೋ ಪೈಪ್ ತೀರಾ ಸಪೂರ ಇರಬೇಕು, ಇಲ್ಲ ಲೆಕ್ಕ ತಪ್ಪಿರಬೇಕು. 58 ಮಿಲಿಮೀಟರ್ ಪೈಪಿನಲ್ಲಿ 2.5 ಲೀಟರ್ ನೀರು ಹೋಗುವ ವೇಗ ಸೆಕೆಂಡಿಗೆ ಒಂದು ಮೀಟರಿಗಿಂತ ಸ್ವಲ್ಪ ಕಡಿಮೆ. ಇದು ಹದವಾದ ವೇಗ. ಅಷ್ಟು ನಷ್ಟ ಆಗುವುದಕ್ಕೆ ಕಾರಣ ಇಲ್ಲ.

ಈಗ ದೋಷ ಯಾಕೆ ಅಡಗಿಕೊಂಡಿತ್ತು ಅಂತ ನೋಡಿ. ಅಡಿಗೂ ಮೀಟರಿಗೂ 3.28 ಪಟ್ಟು ವ್ಯತ್ಯಾಸ. ಇಡೀ ಉತ್ತರ ಮೂರು ಪಟ್ಟು ಆಗಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಆದರೆ ಇಲ್ಲಿ ಮೂರು ಭಾಗಗಳಲ್ಲಿ ಒಂದು ಮಾತ್ರ ಕೆಟ್ಟಿದೆ, ಅದೂ ಎಲ್ಲಕ್ಕಿಂತ ಸಣ್ಣ ಭಾಗ. ಅದು 4.4 ಇರಬೇಕಾದಲ್ಲಿ 14.3 ಆಗಿದೆ. ಉಳಿದ 32.5 ಮೀಟರ್ ಸರಿಯೇ ಇದೆ. ಕೂಡಿಸಿದಾಗ 36.9ರ ಬದಲು 46.8 ಆಯಿತು. ಅಂದರೆ ಬರೀ 27 ಶೇಕಡಾ ಜಾಸ್ತಿ. ಇಷ್ಟು ಹೆಚ್ಚುಕಮ್ಮಿ ಪಂಪಿನ ಲೆಕ್ಕದಲ್ಲಿ ಇದ್ದದ್ದೇ ಅಂತ ನಾವು ಸುಮ್ಮನಾಗುತ್ತೇವೆ. ಕೂಡಿಸುವ ಲೆಕ್ಕದಲ್ಲಿ 3.28 ಅನ್ನುವ ಗುರುತು ಕರಗಿಹೋಗುತ್ತದೆ. ಅದಕ್ಕೇ ಮೊತ್ತವನ್ನು ಬಿಡಿಸಿ ನೋಡಬೇಕು ಅನ್ನುವುದು.

ಇನ್ನೊಂದು ಸ್ವಾರಸ್ಯ ಇದೆ. 14.3 ಅನ್ನುವ ಸಂಖ್ಯೆ ತಪ್ಪಲ್ಲ! ಈ ಸೂತ್ರದಲ್ಲಿ ಉದ್ದವನ್ನು ಯಾವ ಅಳತೆಯ ಮಾನದಲ್ಲಿ ಕೊಡುತ್ತೇವೋ ನಷ್ಟವೂ ಅದೇ ಮಾನದಲ್ಲಿ ಬರುತ್ತದೆ. ಉದ್ದವನ್ನು ಅಡಿಯಲ್ಲಿ ಕೊಟ್ಟರೆ ನಷ್ಟವೂ ಅಡಿಯಲ್ಲೇ ಬರುತ್ತದೆ. 14.3 ಅಡಿ ಅಂದರೆ 4.36 ಮೀಟರ್. ಪೂರಾ ಸರಿ. ತಪ್ಪು ಆದದ್ದು ಆ ಫಂಕ್ಷನ್‌ನ ಒಳಗಲ್ಲ, ಆಮೇಲೆ ಅದನ್ನು ಮೀಟರಿನ ಜೊತೆ ಕೂಡಿಸಿದ ಸಾಲಿನಲ್ಲಿ. `nashta` ಫಂಕ್ಷನನ್ನು ಮಾತ್ರ ಹಿಡಿದುಕೊಂಡು ಎಷ್ಟು ಹೊತ್ತು ಪರೀಕ್ಷೆ ಮಾಡಿದರೂ ದೋಷ ಸಿಗುವುದಿಲ್ಲ.

ಎರಡನೇ ಪರೀಕ್ಷೆಯೂ ಪುಕ್ಕಟೆ. ಒಂದೊಂದೇ ಇನ್‌ಪುಟ್ಟನ್ನು 1 ಏರಿಸಿ, ಉತ್ತರ ಎಷ್ಟು ಏರಿತು ನೋಡಿ. `ettara` 24 ಇದ್ದದ್ದನ್ನು 25 ಮಾಡಿದರೆ ಹೆಡ್ ಸರಿಯಾಗಿ 1 ಏರಬೇಕು. ಏರಿದರೆ ಕೋಡ್ ಅದನ್ನು ಮೀಟರ್ ಅಂದುಕೊಂಡಿದೆ. `aala` 28 ಇದ್ದದ್ದನ್ನು 29 ಮಾಡಿದರೆ ಹೆಡ್ 0.3048 ಏರುತ್ತದೆ. ಅಂದರೆ ಕೋಡ್ ಅದನ್ನು ಅಡಿ ಅಂತ ತಿಳಿದಿದೆ. ಪೈಪಿನ ಉದ್ದವನ್ನು 100 ಏರಿಸಿದರೆ 1.59 ಏರುತ್ತದೆ. ಈಗ ಪೈಪ್ ತಯಾರಕರ ಚಾರ್ಟ್ ತೆಗೆದು ನೋಡಿ. ಈ ನೀರಿಗೆ, ಈ ವ್ಯಾಸಕ್ಕೆ 100 ಮೀಟರಿಗೆ ಸುಮಾರು ಇಷ್ಟೇ ಮೀಟರ್ ನಷ್ಟ ಅಂತ ಇರುತ್ತದೆ. ಅಂದರೆ ಕೋಡ್ ಉದ್ದವನ್ನು ಮೀಟರ್ ಅಂದುಕೊಂಡಿದೆ. ನಾವು ಕೊಟ್ಟದ್ದು ಅಡಿ. ಸಿಕ್ಕಿತಲ್ಲ!

ಲಕ್ಷಣ: ಉತ್ತರ ಸರಿಯಾದದ್ದಕ್ಕಿಂತ ಕರಾರುವಾಕ್ಕಾಗಿ ಇಂತಿಷ್ಟು ಪಟ್ಟು

ಇದು ಸುಲಭದ ರೋಗಿ. ಸರಿ ಉತ್ತರ ಬೇರೆ ಕಡೆಯಿಂದ ಗೊತ್ತಿದ್ದರೆ ಭಾಗಿಸಿ ನೋಡಿ. 3.28 ಅಥವಾ 0.305 ಬಂದರೆ ಉದ್ದದಲ್ಲಿ ಬೆರಕೆ. 10.76 ಬಂದರೆ ವಿಸ್ತೀರ್ಣದಲ್ಲಿ, 35.3 ಬಂದರೆ ಗಾತ್ರದಲ್ಲಿ. 1.34 ಅಥವಾ 0.746 ಬಂದರೆ ಕಿಲೋವ್ಯಾಟ್ ಮತ್ತು ಎಚ್‌ಪಿ ಬೆರೆತಿವೆ. ಮಳೆನೀರಿನ ಕೆರೆಯ ಲೆಕ್ಕದಲ್ಲಿ 10.76 ಆಗಾಗ ಸಿಗುತ್ತದೆ. ಒಂದು ಗುಂಟೆ 1,089 ಚದರ ಅಡಿ, ಅಂದರೆ ಸುಮಾರು 101 ಚದರ ಮೀಟರ್. ಮಳೆ ಮಿಲಿಮೀಟರಿನಲ್ಲಿ ಇರುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಚದರ ಅಡಿಯನ್ನು ಹಾಗೇ ಗುಣಿಸಿದರೆ ಕೆರೆ ಹತ್ತು ಪಟ್ಟು ದೊಡ್ಡದಾಗುತ್ತದೆ.

4.45 ಬಂದರೆ ಬಲದ ಮಾನ, ಪೌಂಡ್ ಮತ್ತು ನ್ಯೂಟನ್ ಬೆರೆತಿವೆ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್ 23ರಂದು ಮಂಗಳದ ಬಳಿ ಕಳೆದುಹೋದದ್ದು ಇದೇ 4.45ರಿಂದ. ನೆಲದ ಮೇಲಿನ ಒಂದು ಸಾಫ್ಟ್‌ವೇರ್ ಪೌಂಡ್–ಸೆಕೆಂಡಿನಲ್ಲಿ ಸಂಖ್ಯೆ ಕೊಡುತ್ತಿತ್ತು, ಓದುವ ಸಾಫ್ಟ್‌ವೇರ್ ಅದನ್ನು ನ್ಯೂಟನ್–ಸೆಕೆಂಡ್ ಅಂತ ತಿಳಿಯುತ್ತಿತ್ತು. ಅಲ್ಲಿಯೂ ಅದು ಇಡೀ ದಾರಿಯ ಲೆಕ್ಕದೊಳಗೆ ಒಂದು ಸಣ್ಣ ತಿದ್ದುಪಡಿ. ನಮ್ಮ ಘರ್ಷಣೆ ನಷ್ಟದ ಹಾಗೆಯೇ ದೊಡ್ಡ ಮೊತ್ತದಲ್ಲಿ ಸೇರಿಹೋಗಿತ್ತು.

ಹತ್ತಿರದ ಸಂಖ್ಯೆ ನೋಡಿ ಮೋಸ ಹೋಗಬೇಡಿ. ಭಾಗಿಸಿದಾಗ 1.5 ಬಂತು ಅಂದರೆ ಅದು ಮಾನದ ದೋಷವೇ ಆಗಬೇಕಿಲ್ಲ. 63 ಮಿಲಿಮೀಟರ್ ಅಂತ ನಮ್ಮ ಪೈಪಿನ ಮೇಲೆ ಬರೆದಿರುವುದು ಹೊರ ವ್ಯಾಸ. ಅದನ್ನೇ ಒಳ ವ್ಯಾಸ ಅಂತ ಹಾಕಿದರೆ ಘರ್ಷಣೆ ನಷ್ಟ ಮೂರನೇ ಒಂದರಷ್ಟು ಕಡಿಮೆ ಆಗುತ್ತದೆ. ಯಾಕೆಂದರೆ ಸೂತ್ರದಲ್ಲಿ ವ್ಯಾಸಕ್ಕೆ 4.87 ಘಾತ ಇದೆ. ಐದು ಮಿಲಿಮೀಟರ್ ಸಣ್ಣದಾಗಿ ಕಂಡರೂ ಇಲ್ಲಿ ಸಣ್ಣದಲ್ಲ. ಹಾಗೆಯೇ ಒಂದು ಲೆಂತ್ ಪೈಪನ್ನು 20 ಅಡಿ ಅಂತೀವಿ, ನಿಜದಲ್ಲಿ 6 ಮೀಟರ್, ಅಂದರೆ 19.7 ಅಡಿ. ಆ ವ್ಯತ್ಯಾಸ ಎರಡು ಶೇಕಡಾ ಕೂಡ ಆಗುವುದಿಲ್ಲ. ಅದರ ಹಿಂದೆ ಓಡಬೇಡಿ.

ಲಕ್ಷಣ: ಕೆಲವು ತೋಟಕ್ಕೆ ಸರಿ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ

ಕೋಡ್ ಒಂದೇ, ಆದರೆ ತೋಟದಿಂದ ತೋಟಕ್ಕೆ ಉತ್ತರದ ಗುಣ ಬೇರೆ. ಆಗ ಅನುಮಾನ ಕೋಡಿನ ಮೇಲಲ್ಲ, ಡೇಟಾದ ಮೇಲೆ. ಒಂದೇ ಎಕ್ಸೆಲ್ ಶೀಟಿಗೆ ಇಬ್ಬರು ಮೂವರು ಅಳತೆ ತುಂಬಿದ್ದಾರೆ. ಒಬ್ಬರು ಟೇಪಿನಲ್ಲಿ ಅಡಿ ಓದಿದ್ದಾರೆ, ಇನ್ನೊಬ್ಬರು ಮೀಟರ್. ಕಾಲಮ್ಮಿನ ತಲೆಯಲ್ಲಿ ಬರೀ "ಆಳ" ಅಂತ ಇದೆ.

ಇಲ್ಲಿ ಸಂಖ್ಯೆಯ ಮುಖ ನೋಡಿಯೇ ಅರ್ಧ ಹೇಳಬಹುದು. ಅಡಿಯಲ್ಲಿ ಹೇಳುವವರು ಸಾಮಾನ್ಯವಾಗಿ ದುಂಡು ಸಂಖ್ಯೆ ಹೇಳುತ್ತಾರೆ: 25, 30, 40. ಮೀಟರ್ ಉಪಕರಣದಿಂದ ಬಂದದ್ದರಲ್ಲಿ ದಶಮಾಂಶ ಇರುತ್ತದೆ: 8.45, 12.2. ಕಾಲಮ್ಮನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾರ್ಟ್ ಮಾಡಿ. ಎರಡು ಗುಂಪು ಕಂಡರೆ, ನಡುವೆ ಖಾಲಿ ಜಾಗ ಇದ್ದರೆ, ಬೆರಕೆ ಖಚಿತ ಅಂತಲೇ ಇಟ್ಟುಕೊಳ್ಳಿ. ಆದರೆ ಗುಂಪು ನೋಡಿಕೊಂಡು ನೀವೇ ಮೀಟರಿಗೆ ತಿದ್ದಬೇಡಿ. 12 ಅಡಿಯ ಬಾವಿಯೂ ಇದೆ, 12 ಮೀಟರಿನ ಬಾವಿಯೂ ಇದೆ. ಅಳೆದವರಿಗೆ ಫೋನ್ ಮಾಡಿ ಕೇಳಬೇಕು, ಬೇರೆ ದಾರಿ ಇಲ್ಲ.

ಎತ್ತರವನ್ನು ಮೊಬೈಲ್ ಆ್ಯಪ್‌ನಿಂದ ತೆಗೆದಿದ್ದರೆ ಊರೂ ಮುಖ್ಯವಾಗುತ್ತದೆ. ಶಿರಸಿ ಸಮುದ್ರ ಮಟ್ಟದಿಂದ ಆರು ನೂರು ಮೀಟರಿಗೆ ಹತ್ತಿರ ಇದೆ. ಅಲ್ಲಿ ಆ್ಯಪ್ 1,930 ತೋರಿಸಿದರೆ ಅದು ಅಡಿಯೇ ಅಂತ ಯಾರಾದರೂ ಹೇಳುತ್ತಾರೆ. ಕಾರವಾರ, ಅಂಕೋಲಾದ ಕಡಲ ಬದಿಯಲ್ಲಿ ಹಾಗಲ್ಲ. 40 ಅಂತ ತೋರಿಸಿದರೆ 40 ಅಡಿಯ ದಿಬ್ಬವೂ ಉಂಟು, 40 ಮೀಟರಿನ ಗುಡ್ಡವೂ ಉಂಟು. ಸಂಖ್ಯೆ ನೋಡಿ ಹೇಳುವ ದಾರಿ ಇಲ್ಲ. ಅಲ್ಲಿ ಆ್ಯಪ್‌ನ ಸೆಟಿಂಗ್ ತೆರೆದೇ ನೋಡಬೇಕು. ಇನ್ನು ಕೆಲವು ಆ್ಯಪ್‌ಗಳು ಕಾರವಾರದ ಬೀಚಿನಲ್ಲಿ ನಿಂತಾಗ ಮೈನಸ್ ಹತ್ತಾರು ಮೀಟರ್ ತೋರಿಸುತ್ತವೆ. ಅದು ಅಡಿ–ಮೀಟರ್ ದೋಷ ಅಲ್ಲ. ಜಿಪಿಎಸ್ ಎತ್ತರ ಅಳೆಯುವುದು ಭೂಮಿಯ ಒಂದು ಲೆಕ್ಕದ ಆಕಾರದಿಂದ, ಸಮುದ್ರ ಮಟ್ಟದಿಂದ ಅಲ್ಲ. ಬಾವಿ ಮತ್ತು ಟ್ಯಾಂಕಿನ ನಡುವಿನ ವ್ಯತ್ಯಾಸ ಮಾತ್ರ ಬೇಕಾದಾಗ ಅದು ಕಳೆದುಹೋಗುತ್ತದೆ. ಹಾಗಂತ ಮೊಬೈಲಿನ ಎತ್ತರವನ್ನು ನಂಬಿ ಪಂಪ್ ಕೊಳ್ಳಬೇಡಿ. ಗಾರೆಯವರ ಟ್ಯೂಬ್ ಲೆವೆಲ್ ಹಿಡಿದು ಹಂತ ಹಂತವಾಗಿ ಬೆಟ್ಟ ಹತ್ತಿದರೆ ಅದಕ್ಕಿಂತ ಎಷ್ಟೋ ನಂಬುವಂಥ ಸಂಖ್ಯೆ ಸಿಗುತ್ತದೆ.

ಲಕ್ಷಣ: ಇನ್‌ಪುಟ್ ಎಲ್ಲ ಮೀಟರಿನಲ್ಲೇ ಇದೆ, ಆದರೂ ಉತ್ತರ ಸ್ವಲ್ಪ ಕಡಿಮೆ

ಇದು ಹಿಡಿಯಲು ಕಷ್ಟದ್ದು. ಮಾನ ಅಡಗಿರುವುದು ಸೂತ್ರದ ಸ್ಥಿರಾಂಕದಲ್ಲಿ.

ಹೇಜನ್–ವಿಲಿಯಮ್ಸ್ ಸೂತ್ರಕ್ಕೆ ಎರಡು ರೂಪ ಇದೆ. ಮೀಟರ್ ಮತ್ತು ಸೆಕೆಂಡಿಗೆ ಘನ ಮೀಟರ್ ಬಳಸಿದರೆ ಮುಂದಿನ ಸಂಖ್ಯೆ 10.67. ಅಡಿ ಮತ್ತು ಸೆಕೆಂಡಿಗೆ ಘನ ಅಡಿ ಬಳಸಿದರೆ 4.73. ಅಮೆರಿಕದ ಯಾವುದೋ ಪುಸ್ತಕದಿಂದ 4.73 ಎತ್ತಿಕೊಂಡು ಮೀಟರ್ ಇನ್‌ಪುಟ್ ಕೊಟ್ಟರೆ ಏನಾಗುತ್ತದೆ? ನಮ್ಮ ತೋಟದಲ್ಲಿ ಘರ್ಷಣೆ ನಷ್ಟ 4.36ರ ಬದಲು 1.93 ಮೀಟರ್ ಆಗುತ್ತದೆ. ಒಟ್ಟು ಹೆಡ್ 36.9ರ ಬದಲು 34.5. ಆರೇಳು ಶೇಕಡಾ ವ್ಯತ್ಯಾಸ. ಎರಡಕ್ಕೂ 3 ಎಚ್‌ಪಿಯೇ ಬರುತ್ತದೆ. ದೋಷ ಕಾಣುವುದೇ ಇಲ್ಲ. ಮುಂದೊಂದು ದಿನ ಇದೇ ಪ್ರೋಗ್ರಾಮನ್ನು ಒಂದು ಕಿಲೋಮೀಟರ್ ಪೈಪಿಗೆ ಬಳಸುತ್ತಾರೆ. ಆಗ ನಷ್ಟ 16 ಮೀಟರ್ ಇರಬೇಕಾದಲ್ಲಿ 7 ಬರುತ್ತದೆ. ಕೂರಿಸಿದ ಪಂಪಿನಿಂದ ಟ್ಯಾಂಕಿಗೆ ಬರುವ ನೀರು ಅರೆಬರೆ.

ಪರೀಕ್ಷೆ ಹೀಗೆ. ಪೈಪಿನ ಉದ್ದವನ್ನು ಬೇಕಂತಲೇ ತುಂಬ ದೊಡ್ಡದು ಮಾಡಿ, ಎತ್ತರ ಮತ್ತು ಆಳವನ್ನು ಸೊನ್ನೆ ಮಾಡಿ. ಈಗ ಉಳಿಯುವುದು ಘರ್ಷಣೆ ಮಾತ್ರ. ಅದನ್ನು ಪೈಪ್ ಕಂಪನಿಯ ಚಾರ್ಟಿನ ಜೊತೆ ಹೋಲಿಸಿ. ಹತ್ತು ಶೇಕಡಾ ಒಳಗೆ ಇದ್ದರೆ ಸರಿ. ಅರ್ಧಕ್ಕಿಂತ ಕಡಿಮೆ ಬಂದರೆ ಸ್ಥಿರಾಂಕ ನೋಡಿ. ಕೋಡಿನಲ್ಲಿ ಹೆಸರಿಲ್ಲದೆ ಕೂತ ಯಾವುದೇ ಸಂಖ್ಯೆ, 4.73 ಇರಲಿ 746 ಇರಲಿ 3960 ಇರಲಿ, ಅದು ಯಾವ ಮಾನ ಕೇಳುತ್ತದೆ ಅಂತ ಪಕ್ಕದಲ್ಲಿ ಬರೆದಿರಬೇಕು. 3960 ಅನ್ನುವುದು ಹೆಡ್ ಅಡಿಯಲ್ಲಿ, ನೀರು ನಿಮಿಷಕ್ಕೆ ಅಮೆರಿಕನ್ ಗ್ಯಾಲನ್‌ನಲ್ಲಿ ಇದ್ದಾಗ ಎಚ್‌ಪಿ ತೆಗೆಯುವ ಸಂಖ್ಯೆ. ನಮ್ಮ ಲೆಕ್ಕದಲ್ಲಿ ಅದು ಕಂಡರೆ ಕೆಂಪು ಗುರುತು ಹಾಕಿ.

ಲಕ್ಷಣ: ರಿಪೇರಿ ಮಾಡಿದ ಮೇಲೆ ಉತ್ತರ ಇನ್ನೂ ಕಡಿಮೆಯಾಯಿತು

ಎರಡು ಸಲ ಪರಿವರ್ತನೆ ಆಗಿದೆ. ಒಬ್ಬರು ಶೀಟ್ ಓದುವ ಜಾಗದಲ್ಲಿ 0.3048ರಿಂದ ಗುಣಿಸಿದರು, ಇನ್ನೊಬ್ಬರು ಸೂತ್ರದ ಜಾಗದಲ್ಲಿ ಮತ್ತೆ ಗುಣಿಸಿದರು. 28 ಅಡಿ 8.5 ಮೀಟರ್ ಆಗುವ ಬದಲು 2.6 ಆಗುತ್ತದೆ. ಹುಡುಕಲು ಒಂದು ಸಾಲು ಸಾಕು:

```
grep -nE "0\.3048|0\.305|3\.28" *.py
```

ಒಂದೇ ಅಳತೆಗೆ ಎರಡು ಕಡೆ ಸಿಕ್ಕರೆ ಒಂದನ್ನು ತೆಗೆಯಿರಿ. ತೆಗೆಯುವುದು ಸೂತ್ರದ ಬಳಿ ಇರುವುದನ್ನು. ಹೊರಗಿನಿಂದ ಸಂಖ್ಯೆ ಒಳಗೆ ಬರುವ ಬಾಗಿಲಲ್ಲೇ ಒಂದು ಸಲ ಮೀಟರಿಗೆ ತಿರುಗಿಸಬೇಕು, ಒಳಗೆಲ್ಲ ಮೀಟರ್ ಮಾತ್ರ.

ಇದರ ಜೊತೆ ಇನ್ನೊಂದು ಸೋದರ ದೋಷ ಇದೆ. ಸರ್ವೆಯವರು ಕೊಟ್ಟ 24 ಮೀಟರನ್ನು ಅಡಿ ಅಂದುಕೊಂಡು ಪರಿವರ್ತಿಸುವುದು. ಆಗ 24 ಹೋಗಿ 7.3 ಆಗುತ್ತದೆ, ಒಟ್ಟು ಹೆಡ್ 20 ಮೀಟರ್, ಪಂಪ್ ಒಂದೂವರೆ ಎಚ್‌ಪಿ. ಆ ಪಂಪ್ ಓಡುತ್ತದೆ, ಸದ್ದು ಮಾಡುತ್ತದೆ, ಆದರೆ ನೀರು ಬೆಟ್ಟದ ಅರ್ಧದಲ್ಲಿ ನಿಲ್ಲುತ್ತದೆ. ಉತ್ತರ ಜಾಸ್ತಿ ಬರುವ ತಪ್ಪಿಗಿಂತ ಉತ್ತರ ಕಡಿಮೆ ಬರುವ ತಪ್ಪು ಬೇಗ ಬಯಲಾಗುತ್ತದೆ, ಅದೊಂದೇ ಸಮಾಧಾನ.

ಲಕ್ಷಣ: ಪಂಪ್ ಆಗಲೇ ಕೂತಿದೆ, ನೀರೂ ಬರುತ್ತಿದೆ, ಆದರೆ ಓವರ್‌ಲೋಡ್ ರಿಲೇ ಟ್ರಿಪ್ ಆಗುತ್ತಿದೆ

ಪಂಪ್ ದೊಡ್ಡದಾಯಿತು, ಹೋದರೆ ಸ್ವಲ್ಪ ಕರೆಂಟ್ ಹೋಗಲಿ ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಾಗಲ್ಲ. 47 ಮೀಟರ್ ಹೆಡ್‌ಗೆ ಅಂತ ಆರಿಸಿದ ಸೆಂಟ್ರಿಫ್ಯೂಗಲ್ ಪಂಪನ್ನು 37 ಮೀಟರಿನಲ್ಲಿ ಓಡಿಸಿದರೆ ಅದು ಜಾಸ್ತಿ ನೀರು ತಳ್ಳುತ್ತದೆ. ಈ ಬಗೆಯ ಪಂಪುಗಳಲ್ಲಿ ನೀರು ಜಾಸ್ತಿಯಾದಷ್ಟೂ ಮೋಟರಿನ ಮೇಲೆ ಹೊರೆ ಜಾಸ್ತಿ. ಆಂಪಿಯರ್ ಪ್ಲೇಟಿನ ಮೇಲಿನ ಸಂಖ್ಯೆಯನ್ನು ದಾಟಬಹುದು. ಬೇಸಿಗೆಯಲ್ಲಿ ಬಾವಿಯೂ ಬೇಗ ಖಾಲಿಯಾಗುತ್ತದೆ. ರಿಲೇಯ ಸೆಟಿಂಗ್ ಏರಿಸಿ ಟ್ರಿಪ್ ಆಗದಂತೆ ಮಾಡುವುದು ಪರಿಹಾರವಲ್ಲ, ಮೋಟರ್ ಸುಡುವ ದಾರಿ.

ಇಲ್ಲಿ ಕಾಗದ ಬಿಟ್ಟು ಅಳತೆಗೆ ಬರಬೇಕು. ಬೇಕಾದದ್ದು ಒಂದು ಪ್ರೆಶರ್ ಗೇಜ್ ಮತ್ತು 200 ಲೀಟರಿನ ಡ್ರಮ್ಮು. ಪಂಪ್ ನಿಲ್ಲಿಸಿ, ಲೈನಿನ ಒತ್ತಡ ಇಳಿಸಿದ ಮೇಲೆ, ಬಾವಿಕಟ್ಟೆಯ ಮಟ್ಟದಲ್ಲಿ, ನಾನ್ ರಿಟರ್ನ್ ವಾಲ್ವಿನ ಮೇಲ್ಬದಿಗೆ ಗೇಜ್ ಕೂರಿಸಿ. ಪೈಪ್ ಪೂರ್ತಿ ತುಂಬುವವರೆಗೆ ಪಂಪ್ ಓಡಿಸಿ, ನಿಲ್ಲಿಸಿ, ಓದಿ. ನಿಂತ ನೀರಿನ 10 ಮೀಟರ್ ಕಂಬಕ್ಕೆ ಗೇಜ್ ಹೆಚ್ಚುಕಮ್ಮಿ 1 ಕೆಜಿ ತೋರಿಸುತ್ತದೆ, ಅಂದರೆ ಚದರ ಸೆಂಟಿಮೀಟರಿಗೆ ಒಂದು ಕೆಜಿ. ಎತ್ತರ ನಿಜವಾಗಿ 24 ಮೀಟರ್ ಆಗಿದ್ದರೆ 2.4 ಬರಬೇಕು. 0.7 ಬಂದರೆ ಅದು 24 ಅಡಿ. ನೀರಿಗೆ ಯಾರ ನೋಟ್‌ಬುಕ್ಕೂ ಬೇಕಿಲ್ಲ, ಎತ್ತರವನ್ನು ತಾನೇ ಹೇಳುತ್ತದೆ. ನಾನ್ ರಿಟರ್ನ್ ವಾಲ್ವ್ ಸೋರುತ್ತಿದ್ದರೆ ಮುಳ್ಳು ನಿಧಾನಕ್ಕೆ ಇಳಿಯುತ್ತದೆ. ಹಾಗಾದರೆ ಆ ಓದು ಲೆಕ್ಕಕ್ಕಿಲ್ಲ.

ಈಗ ಪಂಪ್ ಓಡಿಸಿ. ಟ್ಯಾಂಕಿನ ಬಳಿ ಡ್ರಮ್ಮಿಟ್ಟು ಎಷ್ಟು ಹೊತ್ತಿಗೆ ತುಂಬುತ್ತದೆ ನೋಡಿ. 80 ಸೆಕೆಂಡಿಗೆ ತುಂಬಿದರೆ ನಮ್ಮ 2.5 ಲೀಟರ್. ಬೇಗ ತುಂಬಿದರೆ ವಾಲ್ವನ್ನು ಸ್ವಲ್ಪ ತಿರುಗಿಸಿ 80 ಸೆಕೆಂಡಿಗೆ ತನ್ನಿ. ಈ ವಾಲ್ವ್ ಗೇಜಿಗಿಂತ ಪಂಪಿನ ಕಡೆ ಇರಬೇಕು, ಇಲ್ಲದಿದ್ದರೆ ಅದರ ಒತ್ತಡವೂ ಓದಿನಲ್ಲಿ ಸೇರುತ್ತದೆ. ಓಡುವಾಗಿನ ಓದಿನಿಂದ ನಿಂತಾಗಿನ ಓದನ್ನು ಕಳೆಯಿರಿ. ಉಳಿದದ್ದು ಘರ್ಷಣೆ ನಷ್ಟ. ಸರಿ ಲೆಕ್ಕದ ಪ್ರಕಾರ ಗೇಜ್ ಸುಮಾರು 2.8 ತೋರಿಸಬೇಕು, ವ್ಯತ್ಯಾಸ 0.4. ಕೆಟ್ಟ ಲೆಕ್ಕ ಹೇಳುವುದು 3.8, ವ್ಯತ್ಯಾಸ 1.4. ಇವೆರಡರ ನಡುವೆ ಅನುಮಾನಕ್ಕೆ ಜಾಗವೇ ಇಲ್ಲ. ಸಾಧಾರಣ ಗೇಜಿನಲ್ಲೂ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಬೆಂಡು, ವಾಲ್ವುಗಳಿಂದ ಸ್ವಲ್ಪ ಹೆಚ್ಚು ಬಂದರೆ ಗಾಬರಿ ಬೇಡ.

ಎಚ್ಚರಿಕೆ: ವಾಲ್ವನ್ನು ಪೂರ್ತಿ ಮುಚ್ಚಿ ಪಂಪನ್ನು ಹೊತ್ತುಗಟ್ಟಲೆ ಓಡಿಸಬೇಡಿ, ಒಳಗಿನ ನೀರು ಕಾದು ಸೀಲ್ ಹೋಗುತ್ತದೆ. ಸ್ಟಾರ್ಟರ್ ಪೆಟ್ಟಿಗೆ ತೆರೆದು ಆಂಪಿಯರ್ ನೋಡುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ, ಮಳೆಗಾಲದಲ್ಲಂತೂ ಖಂಡಿತ. ನೀರಿನ ಮಟ್ಟ ಅಳೆಯಲು ಬಾವಿಗೆ ಇಳಿಯಬೇಡಿ. ಹಗ್ಗಕ್ಕೆ ಭಾರ ಕಟ್ಟಿ ಬಿಟ್ಟರೆ ಸಾಕು. ಬಳಕೆ ಇಲ್ಲದ ಬಾವಿಗಳಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ.

ಲಕ್ಷಣ: ಕಡಲಿನ ಆಳದ ಲೆಕ್ಕ ಒಂದು ಮೀಟರ್ ಜಾಸ್ತಿ ಬರುತ್ತಿದೆ

ಇದು ಕಾರವಾರ, ಕುಮಟಾ ಕಡೆಯವರಿಗೆ. ದೋಣಿಯ ಎಕೋ ಸೌಂಡರ್ ಕಂಪ್ಯೂಟರಿಗೆ ಹೀಗೊಂದು ಸಾಲು ಕಳಿಸುತ್ತದೆ:

```
$SDDBT,39.4,f,12.0,M,6.6,F
```

ಒಂದೇ ಆಳ, ಮೂರು ಮಾನದಲ್ಲಿ. ಸಣ್ಣ `f` ಅಡಿ, `M` ಮೀಟರ್, ದೊಡ್ಡ `F` ಫ್ಯಾದಮ್, ಅಂದರೆ ಆರು ಅಡಿ. ಕೋಡ್ ಬರೆಯುವವರು ಮೊದಲ ಸಂಖ್ಯೆಯನ್ನು ಎತ್ತಿಕೊಂಡು, ಇಳಿತದಲ್ಲಿ ಉಳಿಯುವ ಆಳ ತಿಳಿಯಲು ಅದರಿಂದ ಭರತದ ಎತ್ತರವನ್ನು ಕಳೆದು, ಕೊನೆಗೆ ಮೀಟರಿಗೆ ತಿರುಗಿಸುತ್ತಾರೆ. ಭರತ 1.5 ಮೀಟರ್ ಅಂತ ಇಟ್ಟುಕೊಳ್ಳಿ. 39.4ರಿಂದ 1.5 ಕಳೆದರೆ 37.9, ಮೀಟರಿಗೆ ತಿರುಗಿಸಿದರೆ 11.55. ಸರಿ ಉತ್ತರ 12.0ರಿಂದ 1.5 ಕಳೆದ 10.5. ಒಂದು ಮೀಟರ್ ಜಾಸ್ತಿ ಆಳ ಇದೆ ಅಂತ ನಕ್ಷೆ ಹೇಳುತ್ತದೆ. ಇಳಿತದಲ್ಲಿ ಅದನ್ನು ನಂಬಿದ ದೋಣಿ ತಳ ಉಜ್ಜುತ್ತದೆ.

ಪತ್ತೆ ಮಾಡುವುದು ಸುಲಭ. ಒಂದೇ ಜಾಗದಲ್ಲಿ ಭರತದಲ್ಲೊಮ್ಮೆ, ಇಳಿತದಲ್ಲೊಮ್ಮೆ ಅಳೆಯಿರಿ. ತಿದ್ದಿದ ಆಳ ಎರಡು ಸಲವೂ ಒಂದೇ ಬರಬೇಕು. ಭರತದಲ್ಲಿ ಅಳೆದಾಗ ಜಾಸ್ತಿ ಬಂದರೆ ಭರತವನ್ನು ಪೂರ್ತಿ ಕಳೆಯುತ್ತಿಲ್ಲ, ಅಂದರೆ ಅಡಿಯಿಂದ ಮೀಟರನ್ನು ಕಳೆಯುತ್ತಿದ್ದೀರಿ.

ರಿಪೇರಿ, ಮತ್ತು ಎಲ್ಲಿ ನಿಲ್ಲಿಸಬೇಕು

ಅಗ್ಗದ ರಿಪೇರಿ ಹೆಸರಿನಲ್ಲಿದೆ. `aala` ಅಲ್ಲ, `aala_ft`. `L` ಅಲ್ಲ, `L_m`. ಆಗ `aala_ft + ettara_m` ಅನ್ನುವ ಸಾಲು ಓದುವಾಗಲೇ ಕಣ್ಣಿಗೆ ಚುಚ್ಚುತ್ತದೆ. ಎಕ್ಸೆಲ್‌ನಲ್ಲಾದರೆ ಕಾಲಮ್ಮಿನ ತಲೆಯಲ್ಲೇ ಮಾನ ಬರೆಯಿರಿ, ಪಕ್ಕದಲ್ಲಿ `=CONVERT(A2,"ft","m")` ಅಂತ ಬೇರೆ ಕಾಲಮ್ ಮಾಡಿ. ಮೂಲ ಸಂಖ್ಯೆಯನ್ನು ಅಳಿಸಬೇಡಿ.

ಪ್ರೋಗ್ರಾಂ ದೊಡ್ಡದಾಗಿದ್ದರೆ ಪೈಥಾನಿನ `pint` ಲೈಬ್ರರಿ ಬಳಸಿ. ಅದು ಸಂಖ್ಯೆಯ ಜೊತೆ ಮಾನವನ್ನೂ ಹೊತ್ತೊಯ್ಯುತ್ತದೆ:

```python
import pint
u = pint.UnitRegistry()
H = 28*u.foot + 24*u.meter
print(H.to("meter"))
```

ಉತ್ತರ 32.53 ಮೀಟರ್, ತಾನಾಗಿ. ಮಾನ ಇಲ್ಲದ ಬರೀ 24 ಅನ್ನು ಕೂಡಿಸಲು ಹೋದರೆ `DimensionalityError` ಅಂತ ನಿಲ್ಲುತ್ತದೆ. ಆದರೆ ಇದಕ್ಕೂ ಮಿತಿ ಇದೆ. 24 ಮೀಟರನ್ನು ನೀವೇ `24*u.foot` ಅಂತ ಬರೆದರೆ ಅದು ನಂಬುತ್ತದೆ. ಬಾಗಿಲಲ್ಲಿ ಆದ ತಪ್ಪನ್ನು ಒಳಗಿನ ಯಾವ ಲೈಬ್ರರಿಯೂ ಹಿಡಿಯುವುದಿಲ್ಲ. ಹೇಜನ್–ವಿಲಿಯಮ್ಸ್‌ನಂಥ ಸೂತ್ರದಲ್ಲಿ ಸ್ಥಿರಾಂಕದೊಳಗೇ ಮಾನ ಇರುವುದರಿಂದ, ಒಳಗೆ ಕೊಡುವ ಮೊದಲು ಉದ್ದ, ವ್ಯಾಸವನ್ನು `.to("meter").magnitude` ಅಂತ, ನೀರಿನ ಹರಿವನ್ನು `.to("meter**3/second").magnitude` ಅಂತ ಬರೀ ಸಂಖ್ಯೆ ಮಾಡಿಯೇ ಕೊಡಬೇಕು.

ಮೇಲಿನ ಪರೀಕ್ಷೆಗಳಲ್ಲಿ ದೋಷ ಸಿಕ್ಕಿತು, ಪಂಪ್ ಇನ್ನೂ ಕೊಂಡಿಲ್ಲ ಅಂದರೆ ನೀವೇ ತಿದ್ದಿಕೊಳ್ಳಬಹುದು. ಗೇಜಿನ ಓದು ನಿಮ್ಮ ಸರಿಪಡಿಸಿದ ಲೆಕ್ಕಕ್ಕೂ ಹೊಂದದಿದ್ದರೆ ಅಲ್ಲಿಗೆ ನಿಲ್ಲಿಸಿ. ಪೈಪಿನೊಳಗೆ ಕಸ, ಅರ್ಧ ಮುಚ್ಚಿದ ವಾಲ್ವ್, ಸವೆದ ಇಂಪೆಲ್ಲರ್ ಇವೆಲ್ಲ ಕೋಡಿನಲ್ಲಿ ಕಾಣುವುದಿಲ್ಲ. ಪಂಪ್ ಕೂರಿಸುವವರನ್ನು ಕರೆಯಿರಿ. ಹೆಡ್ ಕಡಿಮೆ ಅಂತ ಲೆಕ್ಕ ಹಾಕಿ ಕಡಿಮೆ ದರ್ಜೆಯ ಪೈಪ್ ಹೂತಿದ್ದರೆ, ಅದರ ಮೇಲೆ ಬರೆದ ಒತ್ತಡವನ್ನು ನೋಡದೆ ದೊಡ್ಡ ಪಂಪ್ ಕೂರಿಸಬೇಡಿ. ಪಂಪ್ ಥಟ್ಟನೆ ನಿಂತಾಗ ನೀರು ಹಿಂದಕ್ಕೆ ಬಡಿಯುವ ಒತ್ತಡ ಗೇಜಿನ ಓದಿಗಿಂತ ಎಷ್ಟೋ ಹೆಚ್ಚು ಇರುತ್ತದೆ.

ಇದೇ ಶೀಟಿನಿಂದ ಟ್ಯಾಂಕಿನ ಕಂಬ, ಸ್ಲ್ಯಾಬ್, ಕಾಲುಸಂಕದ ಲೆಕ್ಕವನ್ನೂ ತೆಗೆದಿದ್ದರೆ ಮಾತು ಬೇರೆ. ಅಲ್ಲಿ ಒಂದು ಸಂಖ್ಯೆ ತಿದ್ದಿ ಮುಂದೆ ಹೋಗುವ ಹಾಗಿಲ್ಲ. ಕೆಲಸ ನಿಲ್ಲಿಸಿ, ಕಾಂಕ್ರೀಟ್ ಹಾಕಿ ಆಗಿದ್ದರೆ ಟ್ಯಾಂಕಿಗೆ ನೀರು ತುಂಬಬೇಡಿ. ಮೂಲ ಅಳತೆಯ ಹಾಳೆ, ಹಳೆಯ ಕೋಡ್, ತಿದ್ದಿದ ಕೋಡ್ ಮೂರನ್ನೂ ಸ್ಟ್ರಕ್ಚರಲ್ ಎಂಜಿನಿಯರ್ ಕೈಗೆ ಕೊಡಿ. ಯಾವ ಸಂಖ್ಯೆ ಯಾವ ಮಾನದಲ್ಲಿ ಅಳೆದದ್ದು, ಯಾರು ಅಳೆದದ್ದು ಅಂತ ಹಾಳೆಯ ಅಂಚಿನಲ್ಲಿ ಬರೆದೇ ಕೊಡಿ. ಅವರು ಮೊದಲು ಕೇಳುವುದು ಅದನ್ನೇ.